ಕಟ್ ದಾಟುತ್ತಿದ್ದ ಸಬ್‌ಟೈಟಲ್

ಕಾರವಾರದ ಬೈತಖೋಲ್ ಬಂದರಿನಲ್ಲಿ ತೆಗೆದ ನಮ್ಮ ಕಿರುಚಿತ್ರದಲ್ಲಿ ಮೀನು ಮಾರುವ ಅಕ್ಕ ಎರಡೂವರೆ ಸೆಕೆಂಡಿನಲ್ಲಿ ಗಂಡನಿಗೆ ಬೈದು ಮುಗಿಸುತ್ತಾಳೆ, ಅದರ ಇಂಗ್ಲಿಷ್ ಸಬ್‌ಟೈಟಲ್ ಮಾತ್ರ ಖಾಲಿ ಜಾಗ ಸೇರಿ 60 ಅಕ್ಷರ. ಸೆಕೆಂಡಿಗೆ 24 ಆಯಿತು. ಆರಾಮಾಗಿ ಓದಲು 17ರ ಒಳಗಿರಬೇಕು.

ಸುಮ್ನೆ ಒಂದು ಸೆಕೆಂಡು ಜಾಸ್ತಿ ನಿಲ್ಲಿಸಿದೆ. ಆದರೆ ಮಾತು ಮುಗಿದ ಅರ್ಧ ಸೆಕೆಂಡಿಗೇ ಕಟ್ ಇತ್ತಲ್ಲ! ಹೊಸ ಶಾಟ್ ಮೇಲೂ ಹಳೇ ಸಾಲೇ ನಿಂತಿತು, ನೋಡಿದವರು ಹೊಸ ಮಾತು ಅಂದುಕೊಂಡು ಮತ್ತೆ ಮೊದಲಿಂದ ಓದಿದರು.

ಕೊನೆಗೆ ಕಟ್‌ಗಿಂತ 2 ಫ್ರೇಮ್ ಮೊದಲೇ ಮುಗಿಸಿದೆ. ಸೆಕೆಂಡಿಗೆ 25 ಫ್ರೇಮ್ ಇರುವುದರಿಂದ ಸಿಕ್ಕಿದ್ದು 2.92 ಸೆಕೆಂಡು, ಅಂದರೆ 49 ಅಕ್ಷರಕ್ಕೆ ಜಾಗ. ಎರಡು ಸಲ ಬರುತ್ತಿದ್ದ ಗಂಡನ ಹೆಸರು ಕಿತ್ತು 46ಕ್ಕೆ ಇಳಿಸಿದೆ. ಸಾಲಿಗೆ 42 ಮೀರಬಾರದು, ಹಾಗಾಗಿ ಅಲ್ಪವಿರಾಮದ ಹತ್ತಿರ ಮುರಿದು ಎರಡು ಸಾಲು ಮಾಡಿದೆ. ಬೈಗುಳದ ಖಾರ ಸ್ವಲ್ಪ ಕಡಿಮೆಯಾಯಿತು, ಅದೊಂದು ಬೇಜಾರು.