ಮದುವಿ ಕುಬಸದ ಫೋಟೋ ತೋರ್ಸೋಕಿಂತ ಮೊದ್ಲ ಬಟ್ಟಿ ಅಳೀರಿ

ನಮ್ಮ ಬಾಗಲಕೋಟಿ ಟೇಲರ್ ಅಕ್ಕಾರು, ಅಣ್ಣಾರು ಇದೊಂದು ಓದ್ರಿ. ಹೋದ ತಿಂಗಳ ಒಬ್ಬಾಕಿ ಮದುಮಗಳು ಗುಳೇದಗುಡ್ಡ ಖಣ 80 ಸೆಂಟಿಮೀಟರ್ ತಂದಿದ್ಲು, ನಾ ಫೋನಿನ್ಯಾಗ ಎಐ ಇಮೇಜ್ ಮಾಡಿ ತೋರ್ಸಿದೆ, ಎರಡೂ ತೋಳಿಗೆ ದಡಿ, ಬೆನ್ನಿನ ಕೆಳಗೂ ದಡಿ, ನೋಡಿ ಭಾಳ ಖುಷಿ ಆದ್ಲು. ತೋಳಷ್ಟ ಬದಲು ಮಾಡು ಅಂದ್ರ ಕೊರಳೂ ಬದಲಾಗಿ ಬರ್ತಿತ್ತು, ಆಗ್ಲೇ ನಂಗ ತಿಳೀಬೇಕಿತ್ತು.

ಪೇಪರ್ ಕಟಿಂಗ್ ಬಟ್ಟಿ ಮ್ಯಾಲ ಇಟ್ಟಾಗ ಗೊತ್ತಾತು. ಪನ್ನಾ 31 ಇಂಚು, ಉದ್ದನೂ ಹೆಚ್ಚುಕಡಿಮಿ 31. ಒಂದು ದಡೀಗೆ ಎರಡು ತೋಳು, 13 ಮತ್ತ 13, ಅಂದ್ರ 26 ಹೋತು. ಇನ್ನೊಂದು ದಡೀಗೆ ಬೆನ್ನು 20, ಅದರ ಬಾಜೂಕ ಮುಂದಿನ ಭಾಗ ಒಂದು 11, ಮುಗೀತು. ಇನ್ನೊಂದು ಮುಂದಿನ ಭಾಗಕ್ಕ ಜಾಗಾನೇ ಇಲ್ಲ! ಇಮೇಜಿಗೆ ಬಟ್ಟಿ ಎಷ್ಟೈತಿ ಅನ್ನೋದು ಗೊತ್ತಿರಂಗಿಲ್ಲ, ದಡಿ ಎಲ್ಲಿ ಬೇಕಾದ್ರೂ ಹಚ್ಚಿ ತೋರಸ್ತೈತಿ.

ಪುಣ್ಯಾಕ್ಕ ಕತ್ರಿ ಹಚ್ಚಿರ್ಲಿಲ್ಲ. ಅದ ಖಣ ಒಂದು ಮೀಟರ್ ತರಾಕ ಹೇಳಿದೆ, ಅಂದ್ರ 39 ಇಂಚು, ತೋಳಿನ ಬಾಜೂಕ 13 ಉಳೀತು, ಅಲ್ಲೇ ಮುಂದಿನ ಭಾಗ ಕುಂತ್ತು. ಈಗ ಮೊದ್ಲ ಪೇಪರ್ ಹಾಸಿ ನೋಡ್ತೀನ್ರಿ, ಆಮ್ಯಾಲ ಇಮೇಜ್ ತೋರಸ್ತೀನಿ.