ಹಣೆಯ ಮೇಲೆ ಕ್ಯಾಪಿನ ನೆರಳಿದ್ದಾಗ ಮುಖ ಬದಲಿಸುವುದು: ನನ್ನ ಅನುಭವ

ಚಿಕ್ಕಮಗಳೂರಿನ ನಮ್ಮ ಸ್ಟುಡಿಯೋಗೆ ಮುಖ ಬದಲಿಸುವ ಕೆಲಸ ಆಗಾಗ ಬರುತ್ತದೆ. ಗುಂಪಿನ ಫೋಟೊದಲ್ಲಿ ಎಲ್ಲರೂ ಚೆನ್ನಾಗಿರುತ್ತಾರೆ, ಒಬ್ಬರು ಕಣ್ಣು ಮುಚ್ಚಿರುತ್ತಾರೆ. ಅವರದೇ ಇನ್ನೊಂದು ಫೋಟೊದಿಂದ ಮುಖ ತಂದು ಕೂರಿಸಬೇಕು. ಬರಿತಲೆಯಲ್ಲಿದ್ದವರದು ಸುಲಭ. ಕ್ಯಾಪ್ ಹಾಕಿ ಬಿಸಿಲಿನಲ್ಲಿ ನಿಂತವರದೇ ತಲೆನೋವು.

ಈಚೆಗೆ ಬಂದದ್ದು ಮುಳ್ಳಯ್ಯನಗಿರಿಯ ಮೆಟ್ಟಿಲ ಮೇಲೆ ಬೆಳಗಿನ ಬಿಸಿಲಿನಲ್ಲಿ ತೆಗೆದ ಫೋಟೊ. ಕುಟುಂಬದ ಹಿರಿಯರು ಕಣ್ಣು ಮುಚ್ಚಿದ್ದರು. ಕ್ಯಾಪಿನ ನೆರಳು ಹಣೆಯನ್ನು ಮುಚ್ಚಿ ಹುಬ್ಬಿನ ಹತ್ತಿರ ನಿಂತಿತ್ತು. ಮಗಳು ಅಪ್ಪನ ಬೇರೆ ಎರಡು ಫೋಟೊ ತಂದಿದ್ದರು. ಒಂದರಲ್ಲಿ ಬಿಸಿಲು ಪಕ್ಕದಿಂದ ಬಿದ್ದಿತ್ತು, ಇನ್ನೊಂದು ದೇವಸ್ಥಾನದ ಜಗಲಿಯ ನೆರಳಿನಲ್ಲಿ ತೆಗೆದದ್ದು. "ಬಿಸಿಲಿನದರಲ್ಲಿ ಅಪ್ಪನ ನಗು ಚೆನ್ನಾಗಿದೆ ಸರ್" ಎಂದರು. ನಾನು ಜಗಲಿಯದನ್ನೇ ತೆಗೆದುಕೊಂಡೆ. ಇಲ್ಲದ ನೆರಳನ್ನು ಮುಖದ ಮೇಲೆ ಹಾಕಬಹುದು, ಇರುವ ನೆರಳನ್ನು ಅಳಿಸುವುದು ಕಷ್ಟ. ಬಿಸಿಲಿಗೆ ಮಿರುಗುವ ಹಣೆಯನ್ನು ಎಷ್ಟು ಕಪ್ಪಾಗಿಸಿದರೂ ಆ ಮಿರುಗು ಬೂದಿ ಬಳಿದಂತೆ ಉಳಿಯುತ್ತದೆ.

ಹಳೆಯ ಮುಖವನ್ನು ಮುಚ್ಚುವ ಮೊದಲೇ ನಾನು ಅದರ ನೆರಳಿನ ಅಂಚನ್ನು ಪೆನ್ ಟೂಲಿನಿಂದ ಗೀಚಿ ಉಳಿಸಿಕೊಳ್ಳುತ್ತೇನೆ. ಈ ಅಂಚು ಎಂದೂ ನೇರ ಗೆರೆಯಲ್ಲ. ಬೆಳಕು ಕ್ಯಾಪಿನ ತುದಿಯನ್ನು ಸವರಿಕೊಂಡು ಹಿಂದಕ್ಕೂ ಕೆಳಕ್ಕೂ ಇಳಿಯುತ್ತದೆ. ಮುಂದೆ ಚಾಚಿಕೊಂಡ ಮೂಗಿನ ಮೇಲೆ ಗೆರೆ ಮೇಲಕ್ಕೆ ನಿಲ್ಲುತ್ತದೆ, ಒಳಗೆ ಕುಳಿತ ಕಣ್ಣಿನ ಗುಳಿಯಲ್ಲಿ ಕೆಳಕ್ಕೆ ಜಾರುತ್ತದೆ. ಹಣೆಗೆ ಅಡ್ಡಲಾಗಿ ಒಂದು ಬಿಲ್ಲು ಎಳೆದು ಕಪ್ಪು ತುಂಬಿದ ಕೆಲಸ ಸಿಕ್ಕಿಬೀಳುವುದು ಇಲ್ಲಿಯೇ: ಮೂಗಿನ ಬುಡದಲ್ಲಿ ಗೆರೆ ಏರುವುದೇ ಇಲ್ಲ.

ಗೆರೆ ಎಷ್ಟು ಕೆಳಗೆ ಬರಬೇಕೆಂಬುದನ್ನು ಸೂರ್ಯನ ಎತ್ತರ ನಿರ್ಧರಿಸುತ್ತದೆ. ಕ್ಯಾಪಿನ ತುದಿ ಹಣೆಯಿಂದ 7 ಸೆಂಟಿಮೀಟರ್ ಮುಂದಿದ್ದು ಸೂರ್ಯ ಎದುರಿನಲ್ಲಿ 30 ಡಿಗ್ರಿ ಎತ್ತರದಲ್ಲಿದ್ದರೆ, ನೆರಳು ತುದಿಯ ಮಟ್ಟದಿಂದ ಸುಮಾರು 4 ಸೆಂಟಿಮೀಟರ್ ಕೆಳಗೆ ನಿಲ್ಲುತ್ತದೆ. 60 ಡಿಗ್ರಿಯಾದರೆ 12 ಸೆಂಟಿಮೀಟರ್, ಅಂದರೆ ಮುಖದ ಬಹುಭಾಗ ನೆರಳಿಗೆ ಸೇರುತ್ತದೆ. ನೆತ್ತಿಯ ಬಿಸಿಲಿನ ಫೋಟೊದಲ್ಲಿ ಹಣೆಯ ಮೇಲಷ್ಟೇ ನೆರಳು ಕಂಡರೆ ಯಾರೋ ಕೈಯಾಡಿಸಿದ್ದಾರೆ ಎಂದೇ ನನಗೆ ಅನುಮಾನ.

ಬಣ್ಣದ ವಿಷಯಕ್ಕೆ ಬಂದರೆ, ನೆರಳು ಎಂದರೆ ಕಪ್ಪಲ್ಲ. ಅಲ್ಲಿಗೆ ನೇರ ಬಿಸಿಲು ಬರುವುದಿಲ್ಲ, ಆದರೆ ಆಕಾಶದ ನೀಲಿ ಬೆಳಕು ಬರುತ್ತದೆ. ಆ ಹಿರಿಯರ ಮೂಲ ಫೋಟೊದಲ್ಲಿ ಬಿಸಿಲು ಬಿದ್ದ ಕೆನ್ನೆಯ ಮೇಲೆ ಕೆಂಪು 214, ಹಸಿರು 160, ನೀಲಿ 130 ಇತ್ತು. ನೆರಳಿನ ಹಣೆಯಲ್ಲಿ 104, 80, 72. ಕೆಂಪು ಅರ್ಧಕ್ಕಿಂತ ಕೆಳಗಿಳಿದಿದೆ, ನೀಲಿ ಅಷ್ಟು ಇಳಿದಿಲ್ಲ. ಆದ್ದರಿಂದ ಹೊಸ ಮುಖವನ್ನು ಮೊದಲು ಪೂರ್ತಿಯಾಗಿ ಬಿಸಿಲಿನ ಕೆನ್ನೆಯ ಬಣ್ಣಕ್ಕೆ ಹೊಂದಿಸಿದೆ. ಅದರ ಮೇಲೆ ಕರ್ವ್ಸ್ ಲೇಯರ್ ಹಾಕಿ, ಒಂದೊಂದು ಬಣ್ಣವನ್ನೂ ಬೇರೆಬೇರೆಯಾಗಿ ಆ ಅಂಕಿಗಳಿಗೆ ಇಳಿಸಿದೆ. ಕಪ್ಪು ಬಣ್ಣವನ್ನು ಮಲ್ಟಿಪ್ಲೈನಲ್ಲಿ ಬಳಿದರೆ ಮೂರೂ ಒಂದೇ ಪ್ರಮಾಣದಲ್ಲಿ ಇಳಿದು ಚರ್ಮ ಮಸಿ ಹಿಡಿದಂತಾಗುತ್ತದೆ.

ಉಳಿಸಿದ್ದ ಗೆರೆಯೇ ಈ ಲೇಯರಿನ ಮಾಸ್ಕ್. ತಲೆ ಅದೇ ಆದರೂ ಹೊಸ ಮುಖ ಒಂದಿಷ್ಟು ಎಡಕ್ಕೆ ತಿರುಗಿತ್ತು, ಹಾಗಾಗಿ ಮೂಗಿನ ಬುಡದ ಏರನ್ನು ಸರಿಸಬೇಕಾಯಿತು. ಅಂಚನ್ನು ಮಂಜು ಮಾಡುವ ಚಪಲವನ್ನು ತಡೆದುಕೊಳ್ಳಬೇಕು. ಕ್ಯಾಪಿನ ತುದಿ ಮುಖಕ್ಕೆ ಇಷ್ಟು ಹತ್ತಿರವಿರುವಾಗ ತಿಳಿ ಬಿಸಿಲಿನಲ್ಲಿ ನೆರಳಿನ ಅಂಚು ಸುಮಾರು ಒಂದು ಮಿಲಿಮೀಟರಿನಲ್ಲೇ ಮುಗಿದುಹೋಗುತ್ತದೆ. 600 ಪಿಕ್ಸೆಲ್ ಅಗಲದ ಮುಖದಲ್ಲಿ ಅದು ಮೂರು ನಾಲ್ಕು ಪಿಕ್ಸೆಲ್. ಕಿವಿಯ ಕಡೆಗೆ, ಕ್ಯಾಪು ತಲೆಗೆ ತಾಗುವಲ್ಲಿ, ಇನ್ನೂ ಚೂಪು. ಮೋಡ ಮುಸುಕಿದ್ದರೆ ಮಾತು ಬೇರೆ.

ಚೂಪಾದ ಅಂಚಿನಲ್ಲೂ ಒಂದು ಸೂಕ್ಷ್ಮವಿದೆ. ಚರ್ಮದೊಳಗೆ ಕೆಂಪು ಬೆಳಕು ನೀಲಿಗಿಂತ ದೂರ ಹರಡುತ್ತದೆ, ಅದಕ್ಕೇ ನಿಜವಾದ ನೆರಳಿನ ಅಂಚಿನಲ್ಲಿ ಕೆಂಪಿನ ಎಳೆಯೊಂದು ಕಾಣುತ್ತದೆ. ಇದನ್ನು ತರಲು ಕೆಂಪಿನ ಕರ್ವನ್ನು ಬೇರೆ ಲೇಯರಿಗೆ ತೆಗೆದು, ಅದರ ಮಾಸ್ಕನ್ನು ಮಾತ್ರ ಎರಡು ಪಿಕ್ಸೆಲ್ ಹೆಚ್ಚು ಮಂಜು ಮಾಡುತ್ತೇನೆ. ಗಮನವಿಟ್ಟು ನೋಡಿದರೆ ಮಾತ್ರ ಗೊತ್ತಾಗುವ ವ್ಯತ್ಯಾಸ ಇದು, ಆದರೆ ಇಲ್ಲದಿದ್ದರೆ ನೆರಳು ಕತ್ತರಿಸಿ ಅಂಟಿಸಿದ ಕಾಗದದಂತೆ ಕಾಣುತ್ತದೆ.

ಕೊನೆಗೆ ಕಣ್ಣು. ಜಗಲಿಯಲ್ಲಿ ತೆಗೆದ ಕಣ್ಣಿನ ಮೇಲ್ಭಾಗದಲ್ಲಿ ಆಕಾಶದ ಬಿಳಿ ಹೊಳಪು ದೊಡ್ಡದಾಗಿತ್ತು. ಕ್ಯಾಪ್ ಹಾಕಿದವರ ಕಣ್ಣಿಗೆ ಮೇಲಿನ ಆಕಾಶ ಕಾಣುವುದಿಲ್ಲ, ಹಾಗಾಗಿ ಆ ಹೊಳಪಿನ ಮೇಲಿನ ಅರ್ಧವನ್ನು ಅಳಿಸಿದೆ. ಗೋಡೆಗೆ ಹಾಕುವ ಮ್ಯಾಟ್ ಪ್ರಿಂಟ್ ಬೇಕೆಂದಿದ್ದರು. ಮ್ಯಾಟ್ ಕಾಗದದ ಮೇಲೆ ಕಪ್ಪು ಭಾಗದ ವಿವರ ಮುಚ್ಚಿಹೋಗುವುದರಿಂದ, ಪ್ರಿಂಟಿಗೆ ಕಳಿಸುವ ಪ್ರತಿಯಲ್ಲಿ ಮಾತ್ರ ನೆರಳಿನ ಎರಡೂ ಲೇಯರುಗಳ ಒಪಾಸಿಟಿಯನ್ನು 90 ಶೇಕಡಕ್ಕೆ ಇಳಿಸಿ ಕಳಿಸಿದೆ.