ಮೂಗಿನ ಕೆಳಗಿನ ಜೋನಿಬೆಲ್ಲ

ವಾಸ್ಕೋ ಹತ್ತಿರದ ಝುವಾರಿನಗರದಲ್ಲಿ ನನ್ನದೊಂದು ಸಣ್ಣ ದವಾಖಾನೆ. ಬರುವವರಲ್ಲಿ ಹೆಚ್ಚಿನವರು ಬಾಗಲಕೋಟೆ, ವಿಜಯಪುರ, ಗದಗ ಕಡೆಯಿಂದ ದುಡಿಯಲು ಬಂದವರು. ನಾನು ಶಿರಸಿಯವನು. ನನ್ನ ಮಾತು ಅವರಿಗೆ ಪುಸ್ತಕದ ಹಾಗೆ ಕೇಳುತ್ತದಂತೆ, ಅವರ ಮಾತು ನನಗೆ ಈಗ ಮನೆಮಾತಿನಷ್ಟೇ ಸಲೀಸು.

ಜುಲೈ ಎರಡನೇ ವಾರ, ಮೂರು ದಿನದಿಂದ ಮಳೆ ಹಿಡಿದಿತ್ತು. ಒಬ್ಬ ತಾಯಿ ಏಳು ವರ್ಷದ ಮಗನನ್ನು ಕರೆತಂದು ಬಾಗಿಲಲ್ಲೇ ನಿಂತಳು. ಒಳಗೆ ಬಾ ಎಂದರೂ ಬರಲಿಲ್ಲ. "ಅಮ್ಮ ಬಂದಾಳ್ರಿ ಸಾಹೇಬ್ರ, ಮಂದಿ ಕುಂತಾರ, ಹೆಂಗ ಒಳಗ ಬರ್ಲಿ?" ಎಂದಳು. ಹುಡುಗನ ಮುಖಕ್ಕೆ ಅರಿಸಿನ ಮೆತ್ತಿತ್ತು. ಐದು ದಿನದಿಂದ ಸ್ನಾನ ಮಾಡಿಸಿರಲಿಲ್ಲ.

ಬೆಳಕಿಗೆ ಕರೆದು ನೋಡಿದೆ. ಎಡ ಮೂಗಿನ ಹೊಳ್ಳೆಯ ಕೆಳಗೆ ಒಂದು, ಬಾಯಿಯ ಮೂಲೆಯಲ್ಲಿ ಎರಡು, ಗಲ್ಲದ ಮೇಲೆ ಒಂದು ಹಕ್ಕಳೆ. ಪುಸ್ತಕಗಳಲ್ಲಿ ಇದಕ್ಕೆ ಜೇನಿನ ಬಣ್ಣ ಎಂದು ಬರೆದಿರುತ್ತದೆ. ನನ್ನ ಕಣ್ಣಿಗೆ ಮಾತ್ರ ಅದು ಯಾವಾಗಲೂ ಜೋನಿಬೆಲ್ಲ ಚೆಲ್ಲಿ ಒಣಗಿದ ಹಾಗೆ: ಅಂಚು ಒಣಗಿ ಗರಿಗರಿ, ನಡುವೆ ಇನ್ನೂ ಸ್ವಲ್ಪ ಅಂಟು, ಬೆಳಕಿಗೆ ಹಿಡಿದರೆ ಹೊಂಬಣ್ಣ. ಒಂದು ಹಕ್ಕಳೆಯ ಅಂಚು ಎದ್ದಿತ್ತು. ಅದರಡಿ ಕೆಂಪಾದ ಹಸಿ ಚರ್ಮ, ಅದರಿಂದ ತಿಳಿ ನೀರು ಜಿನುಗುತ್ತಿತ್ತು. ಆ ನೀರೇ ಒಣಗಿ ಹಕ್ಕಳೆಯಾಗುವುದು, ರೋಗ ದಾಟುವುದೂ ಅದರಿಂದಲೇ. ಜ್ವರ ಇರಲಿಲ್ಲ, ನೋವೂ ಹೆಚ್ಚಿರಲಿಲ್ಲ. ಹುಡುಗ ನನ್ನ ಸ್ಟೆತೊಸ್ಕೋಪ್ ಎಳೆದಾಡುತ್ತಿದ್ದ.

"ಯವ್ವಾ, ಇದು ಅಮ್ಮ ಅಲ್ಲ. ಅಮ್ಮ ಬಂದಿದ್ದರೆ ಜ್ವರ ಇರ್ತಿತ್ತು, ಹೊಟ್ಟೆ ಬೆನ್ನಿನ ಮೇಲೆ ಗುಳ್ಳೆ ಇರ್ತಿದ್ವು, ಒಂದು ಹೊಸದು, ಒಂದು ಒಣಗಿದ್ದು ಅಂತ ಎಲ್ಲ ಬೆರಕೆ ಇರ್ತಿತ್ತು. ಅಂಗಿ ಎತ್ತಿ ನೋಡು, ಮೈ ಸ್ವಚ್ಛ ಇದೆ" ಎಂದೆ. ಆಗ ಒಳಗೆ ಬಂದು ಕೂತಳು.

ಇದಕ್ಕೆ ಇಂಪೆಟಿಗೊ ಎನ್ನುತ್ತೇವೆ. ಚರ್ಮದ ತೀರಾ ಮೇಲಿನ ಪದರಕ್ಕೆ ಬರುವ ಬ್ಯಾಕ್ಟೀರಿಯಾ ಸೋಂಕು. ಮಾಡುವವು ಎರಡು: ಸ್ಟ್ಯಾಫಿಲೊಕಾಕಸ್ ಆರಿಯಸ್, ಮತ್ತು ಗುಂಪು ಎ ಸ್ಟ್ರೆಪ್ಟೊಕಾಕಸ್. ಕೆಲವೊಮ್ಮೆ ಎರಡೂ ಸೇರಿ. ಗಟ್ಟಿಯಾದ ಚರ್ಮವನ್ನು ಇವು ಸುಲಭವಾಗಿ ತೂರುವುದಿಲ್ಲ, ಎಲ್ಲಾದರೂ ಒಂದು ಬಾಗಿಲು ತೆರೆದಿರಬೇಕು. ಈ ಹುಡುಗನಿಗೆ ಹತ್ತು ದಿನದಿಂದ ನೆಗಡಿ. ಸಿಂಬಳ ಇಳಿದು, ಒರೆಸಿ ಒರೆಸಿ, ಮೂಗಿನ ಕೆಳಗಿನ ಚರ್ಮ ಸುಲಿದಿತ್ತು. ಅಲ್ಲಿಂದಲೇ ಶುರು. ಮೂಗು ಬಾಯಿ ಸುತ್ತಲೇ ಇದು ಯಾಕೆ ಕೂರುತ್ತದೆ ಎಂಬುದಕ್ಕೆ ಉತ್ತರವೂ ಅದೇ.

ಆ ದಿನ ನಾನು ಮಾಡಿದ್ದು ಮಾತ್ರ ತಪ್ಪು. ಅಭ್ಯಾಸಬಲದಿಂದ ಬರೀ ಅಮಾಕ್ಸಿಸಿಲಿನ್ ಸಿರಪ್ ಐದು ದಿನಕ್ಕೆ ಬರೆದು, ಸೋಪು ಹಾಕಿ ತೊಳಿ ಎಂದು ಕಳಿಸಿದೆ. ನಾವು ಓದುವಾಗ ಈ ರೋಗ ಎಂದರೆ ಸ್ಟ್ರೆಪ್ಟೊಕಾಕಸ್ ಎಂಬ ನಂಬಿಕೆ ಗಟ್ಟಿಯಾಗಿತ್ತು, ಅದಕ್ಕೆ ಅಮಾಕ್ಸಿಸಿಲಿನ್ ಸಾಕು. ಈಗ ಹೆಚ್ಚಾಗಿ ಸಿಗುವುದು ಸ್ಟ್ಯಾಫ್. ಅದರ ಬಹುತೇಕ ತಳಿಗಳು ಪೆನಿಸಿಲಿನ್ ಜಾತಿಯ ಔಷಧವನ್ನು ಒಡೆದುಹಾಕುವ ಕಿಣ್ವವನ್ನು ತಾವೇ ತಯಾರಿಸುತ್ತವೆ. ಅಮಾಕ್ಸಿಸಿಲಿನ್ ಅದರ ಎದುರು ನಿಲ್ಲುವುದಿಲ್ಲ.

ಎಂಟನೇ ದಿನ ವಾಪಸ್ ಬಂದರು. ಕೆನ್ನೆಯ ಮೇಲೆ ನಾಲ್ಕು ಹೊಸವು, ಮೊಣಕೈ ಹತ್ತಿರ ಒಂದು. ಜೊತೆಗೆ ಮೂರು ವರ್ಷದ ತಂಗಿಗೂ ಮೂಗಿನ ಬುಡದಲ್ಲಿ ಎರಡು. ನಡುವೆ ಒಂದು ಔಷಧ ಅಂಗಡಿಯವರು ಕೇಳದೆಯೇ ಒಂದು ಟ್ಯೂಬು ಕೊಟ್ಟಿದ್ದರು. ತಿರುಗಿಸಿ ಓದಿದರೆ ಸ್ಟೀರಾಯ್ಡ್, ಫಂಗಸ್ ಔಷಧ, ಆ್ಯಂಟಿಬಯೋಟಿಕ್ ಮೂರೂ ಬೆರೆತ ಕ್ರೀಮು. "ಹಚ್ಚಿದ ಎರಡು ದಿನ ಭಾಳ ಚಲೋ ಆಗಿತ್ರಿ" ಎಂದಳು. ಆಗಿರುತ್ತದೆ. ಸ್ಟೀರಾಯ್ಡ್ ಕೆಂಪನ್ನು ಅಡಗಿಸುತ್ತದೆ, ಚರ್ಮದ ಕಾವಲನ್ನೂ ಅಡಗಿಸುತ್ತದೆ. ಒಳಗೆ ಸೋಂಕು ಹಬ್ಬುತ್ತಲೇ ಇರುತ್ತದೆ.

ಈ ಸಲ ಎದುರಿಗೇ ಕೂರಿಸಿಕೊಂಡು ಮಾಡಿ ತೋರಿಸಿದೆ. ಹಳೆಯ ಹತ್ತಿ ಬಟ್ಟೆಯ ತುಂಡನ್ನು ಉಗುರುಬೆಚ್ಚಗಿನ ನೀರಲ್ಲಿ ಅದ್ದಿ ಹಿಂಡಿ ಹಕ್ಕಳೆಯ ಮೇಲೆ ಹತ್ತು ನಿಮಿಷ ಇಟ್ಟೆ, ಆರಿದಾಗ ಮತ್ತೆ ಅದ್ದಿ ಇಟ್ಟೆ. ಹಕ್ಕಳೆ ನೆಂದು ಮೆತ್ತಗಾದ ಮೇಲೆ ಸೋಪಿನ ನೀರಲ್ಲಿ ಮೆಲ್ಲಗೆ ಒರೆಸಿದರೆ ತಾನಾಗಿ ಬಿಟ್ಟುಕೊಳ್ಳುತ್ತದೆ. ಬಿಡದಿದ್ದರೆ ಕೆರೆಯಬಾರದು, ಸಂಜೆ ಮತ್ತೆ ನೆನೆಸಿದರಾಯಿತು. ಈ ಕೆಲಸ ಬಿಟ್ಟು ಹಕ್ಕಳೆಯ ಮೇಲೆಯೇ ಮುಲಾಮು ಸವರಿದರೆ ಔಷಧ ಬೇಕಾದ ಜಾಗಕ್ಕೆ ಇಳಿಯುವುದೇ ಇಲ್ಲ. ಮುಲಾಮು ಫಲಿಸಲಿಲ್ಲ ಎಂದು ಬರುವವರನ್ನು ಕೇಳಿದರೆ ಹೆಚ್ಚಿನ ಸಲ ಸಿಗುವ ಕಾರಣ ಇದು. ಒರೆಸಿದ ತುಂಡು ನೇರ ಕಸಕ್ಕೆ. ಆಮೇಲೆ 2 ಪ್ರತಿಶತದ ಮುಪಿರೊಸಿನ್ ಮುಲಾಮು ತೆಳ್ಳಗೆ, ದಿನಕ್ಕೆ ಮೂರು ಸಲ, ಐದು ದಿನ. ತಂಗಿಗೆ ಇರುವುದು ಎರಡೇ ಹುಣ್ಣು, ಅವಳಿಗೆ ಇಷ್ಟೇ ಸಾಕು. ಅಣ್ಣನಿಗೆ ಮುಖ, ಕೈ ಎಲ್ಲ ಕಡೆ ಹಬ್ಬಿದ್ದರಿಂದ ಬಾಯಿಗೆ ಸೆಫಲೆಕ್ಸಿನ್ ಸಿರಪ್ಪನ್ನೂ ಏಳು ದಿನಕ್ಕೆ ಬರೆದೆ, ಅವನ 18 ಕಿಲೊ ತೂಕಕ್ಕೆ ಲೆಕ್ಕ ಹಾಕಿ.

ಮೂರನೇ ದಿನಕ್ಕೆ ಜಿನುಗು ನಿಂತಿತು. ಮೂರು ದಿನದಲ್ಲಿ ಏನೂ ಬದಲಾಗದಿದ್ದರೆ ಔಷಧ ತಪ್ಪಿದೆ ಅಥವಾ ರೋಗವೇ ಬೇರೆ ಎಂದು ನಾನು ಮತ್ತೆ ನೋಡುತ್ತೇನೆ.

ಅಷ್ಟರಲ್ಲಿ ಕನ್ನಡ ಶಾಲೆಯ ಬಾಯಿಯವರೊಬ್ಬರು ಫೋನು ಮಾಡಿದರು. ಗೋವಾದಲ್ಲಿ ಟೀಚರಿಗೆ ಬಾಯಿ ಎನ್ನುವುದು ರೂಢಿ. ಎರಡನೇ ಇಯತ್ತೆಯಲ್ಲಿ ಇನ್ನೂ ಕೆಲವರಿಗೆ ಇದೇ ಆಗಿದೆ, ಬಿಸಿಯೂಟದ ತಟ್ಟೆಯಿಂದ ಬಂತೇ ಎಂಬುದು ಅವರ ಆತಂಕ. ಶನಿವಾರ ಹೋದೆ. 34 ಮಕ್ಕಳನ್ನು ಕಿಟಕಿ ಪಕ್ಕ ಸಾಲಾಗಿ ನಿಲ್ಲಿಸಿ ಮುಖ, ಕೈ, ಬೆರಳ ಸಂದಿ ನೋಡಿದೆ. ಏಳು ಮಂದಿಗೆ ಇತ್ತು. ತಟ್ಟೆಯಿಂದ ಬಂದಿದ್ದರೆ ಎಲ್ಲೆಂದರಲ್ಲಿ ಚೆದುರಿರಬೇಕಿತ್ತು. ಮನೆ ಎಲ್ಲಿ ಎಂದು ಒಬ್ಬೊಬ್ಬರನ್ನೇ ಕೇಳುತ್ತ ಹೋದೆ. ಏಳರಲ್ಲಿ ಐವರು ಒಂದೇ ಸಾಲಿನ ಖೋಲಿಗಳವರು, ಅಕ್ಕತಂಗಿಯರ ಮಕ್ಕಳು, ರಾತ್ರಿ ಒಂದೇ ಚಾಪೆಯ ಮೇಲೆ ಮಲಗುವವರು. ಉಳಿದ ಇಬ್ಬರು ಅವರ ಬೆಂಚಿನ ಗೆಳೆಯರು. ಐವರಲ್ಲಿ ಮೂವರಿಗೆ ಬೆರಳ ಸಂದಿಯಲ್ಲಿ ಹುರುಕೂ ಇತ್ತು. ರಾತ್ರಿಯೆಲ್ಲ ಕೆರೆದುಕೊಂಡು ಚರ್ಮ ಕಿತ್ತುಕೊಂಡಿದ್ದರು. ಹುರುಕಿಗೆ ಮನೆಮಂದಿಗೆಲ್ಲ ಒಟ್ಟಿಗೆ ಔಷಧ ಹಚ್ಚದೆ ಅಂಥವರ ಇಂಪೆಟಿಗೊ ವಾಸಿಮಾಡುವುದೆಂದರೆ ಸೋರುವ ಮಾಡಿನ ಕೆಳಗೆ ನೆಲ ಒರೆಸಿದ ಹಾಗೆ.

ಹುಣ್ಣಿನ ನೀರು ತಗುಲಿದ ಕೈ, ಕೈ ಮುಟ್ಟಿದ ಇನ್ನೊಂದು ಮುಖ, ನಡುವೆ ಟವೆಲು, ದಿಂಬು. ಹರಡುವ ದಾರಿ ಇಷ್ಟೇ. ಮುಟ್ಟಿದ ನಾಲ್ಕರಿಂದ ಹತ್ತು ದಿನಕ್ಕೆ ಹುಣ್ಣು ಏಳುತ್ತದೆ, ಹಾಗಾಗಿ ಯಾರಿಂದ ಯಾರಿಗೆ ಎಂದು ಮನೆಯವರಿಗೆ ಹೊಳೆಯುವುದಿಲ್ಲ. ಬಾಯಿಯವರು ಹದಿನೈದು ದಿನ ಎಲ್ಲರನ್ನೂ ಮನೆಗೆ ಕಳಿಸಲೇ ಎಂದರು. ಬೇಡ ಎಂದೆ. ಸರಿಯಾದ ಔಷಧ ಶುರುವಾಗಿ ಇಪ್ಪತ್ತನಾಲ್ಕು ಗಂಟೆ ಕಳೆದರೆ, ಜಿನುಗುವ ಹುಣ್ಣು ಮುಚ್ಚಿದ್ದರೆ, ಶಾಲೆಗೆ ಬರಬಹುದು. ಹದಿನೈದು ದಿನ ಮನೆಯಲ್ಲಿಟ್ಟರೆ ಅದೇ ಚಾಪೆ, ಅದೇ ತಮ್ಮತಂಗಿಯರು.

ಆ ಹುಡುಗ ಪೂರ್ತಿ ವಾಸಿಯಾದ. ಮೂರು ವಾರಕ್ಕೆ ಮತ್ತೆ ಬಂದ, ಅದೇ ಎಡ ಹೊಳ್ಳೆಯ ಕೆಳಗೆ. ಔಷಧ ಸರಿ, ಹಚ್ಚಿದ್ದೂ ಸರಿ, ಉಗುರೂ ಕತ್ತರಿಸಿತ್ತು. ನಾನು ಬರೆಯುತ್ತ ಕೂತಿದ್ದೆ, ತಾಯಿ ತಂಗಿಯನ್ನು ಸೊಂಟದ ಮೇಲೆ ಇಟ್ಟುಕೊಂಡು ನಿಂತಿದ್ದಳು. ಮಗಳ ಮೂಗು ಸೋರಿತು, ಸೆರಗಿನ ತುದಿಯಿಂದ ಒರೆಸಿದಳು. ಹುಡುಗ ಸೀನಿದ, ಅದೇ ತುದಿಯಿಂದ ಅವನದ್ದನ್ನೂ ಒರೆಸಿದಳು. ಆಮೇಲೆ ತನ್ನ ಮುಖದ ಬೆವರು. ಟವೆಲು ಬೇರೆ ಮಾಡು, ದಿಂಬು ಬೇರೆ ಮಾಡು ಎಂದು ಎರಡು ಸಲ ಹೇಳಿದ್ದೆ. ಅವಳು ಮಾಡಿಯೂ ಇದ್ದಳು. ಸೆರಗಿನ ಮಾತು ನನಗೇ ಹೊಳೆದಿರಲಿಲ್ಲ.

ಅವಳ ಮೂಗಿನದ್ದೂ ಹುಡುಗನ ಮೂಗಿನದ್ದೂ ಸ್ವಾಬ್ ತೆಗೆದು ಕಲ್ಚರಿಗೆ ಕಳಿಸಿದೆ. ಇಬ್ಬರಲ್ಲೂ ಸ್ಟ್ಯಾಫಿಲೊಕಾಕಸ್ ಆರಿಯಸ್ ಬೆಳೆಯಿತು. ಆರೋಗ್ಯವಂತರಲ್ಲೂ ಸುಮಾರು ನೂರಕ್ಕೆ ಮೂವತ್ತು ಜನರ ಮೂಗಿನ ಮುಂಭಾಗದಲ್ಲಿ ಇದು ಸುಮ್ಮನೆ ವಾಸವಾಗಿರುತ್ತದೆ, ಅವರಿಗೇನೂ ಆಗುವುದಿಲ್ಲ. ಹಾಗಾಗಿ ಎಲ್ಲರಿಗೂ ಸ್ವಾಬ್ ಮಾಡಿಸುತ್ತ ಹೋಗುವುದರಲ್ಲಿ ಅರ್ಥವಿಲ್ಲ, ಮರಳಿ ಮರಳಿ ಬರುವವರಲ್ಲಿ ಮಾತ್ರ ಹುಡುಕುತ್ತೇನೆ. ಇವರಿಬ್ಬರಿಗೂ ಮೂಗಿನೊಳಗೆ ಹಚ್ಚುವ ಮುಪಿರೊಸಿನ್ ಮುಲಾಮು ಕೊಟ್ಟೆ, ದಿನಕ್ಕೆ ಎರಡು ಸಲ, ಐದು ದಿನ. ಹುಣ್ಣಿಗೆ ಮೊದಲಿನ ಹಾಗೆಯೇ. ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ಬಟ್ಟೆ ಎಂದೆವು. ಜುಲೈ ಆಗಸ್ಟಿನ ಗೋವಾದಲ್ಲಿ ಬಟ್ಟೆ ಒಣಗಿಸು ಎನ್ನುವುದು ತಮಾಷೆಯ ಮಾತು, ಟವೆಲು ಮೂರು ದಿನವಾದರೂ ಹಗ್ಗದ ಮೇಲೆ ಮುಗ್ಗಲು ವಾಸನೆ ಹೊಡೆಯುತ್ತ ನೇತಾಡುತ್ತಿರುತ್ತದೆ. ಬಿಸಿನೀರಲ್ಲಿ ಒಗೆದು ಇಸ್ತ್ರಿ ಮಾಡಲು ಹೇಳಿದೆ. ಪಕ್ಕದ ಖೋಲಿಯಲ್ಲಿ ಇಸ್ತ್ರಿ ಪೆಟ್ಟಿಗೆ ಇತ್ತು.

ಹೋಗುವಾಗ ಇನ್ನೊಂದು ಮಾತನ್ನು ಎರಡೆರಡು ಸಲ ಹೇಳಿ ಕಳಿಸಿದೆ. ಹುಣ್ಣು ಮಾಡಿದ್ದು ಸ್ಟ್ರೆಪ್ಟೊಕಾಕಸ್ ಆಗಿದ್ದರೆ, ಕೆಲವು ವಾರಗಳ ನಂತರ ಅಪರೂಪಕ್ಕೆ ಮೂತ್ರಪಿಂಡ ಊದಿಕೊಳ್ಳುತ್ತದೆ. ಬೆಳಿಗ್ಗೆ ಎದ್ದಾಗ ಕಣ್ಣಿನ ಸುತ್ತ ಬಾವು, ಉಚ್ಚೆ ಚಹಾದ ಬಣ್ಣ, ಅದೂ ಕಡಿಮೆ. ಇವುಗಳಲ್ಲಿ ಯಾವುದು ಕಂಡರೂ ಅಂದೇ ಬರಬೇಕು. ಆ್ಯಂಟಿಬಯೋಟಿಕ್ ಕೊಟ್ಟೆವಲ್ಲ ಎಂದು ಇದರಲ್ಲಿ ನಿಶ್ಚಿಂತೆಯಾಗಿರುವ ಹಾಗಿಲ್ಲ, ಹುಣ್ಣು ಮಾಯ್ದ ಮೇಲೂ ಇದು ಬರಬಹುದು.

ಸೆಪ್ಟೆಂಬರಿನಲ್ಲಿ ಚೌತಿ ಮುಗಿಸಿಕೊಂಡು ಮತ್ತೆ ಬಂದಳು. ಹುಣ್ಣು ಒಂದೂ ಇರಲಿಲ್ಲ, ಉಚ್ಚೆ ನೀರಿನ ಹಾಗಿದೆ ಎಂದಳು. ಆದರೆ ಮುಖದಲ್ಲಿ ಗಾಬರಿ. ಹುಡುಗನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, ಹಕ್ಕಳೆ ಇದ್ದಲ್ಲಿ ಉಳಿದಿದ್ದ ಮಾಸಲು ಬಿಳಿ ಕಲೆ ತೋರಿಸಿದಳು.

"ಸಾಹೇಬ್ರ, ತೊನ್ನು ಅಲ್ಲಲ್ರಿ ಇದು?"

ಅಲ್ಲ. ತೊನ್ನಾದರೆ ಸುಣ್ಣ ಬಳಿದಷ್ಟು ಬಿಳಿಯಾಗಿ, ಅಂಚು ಗೆರೆ ಎಳೆದ ಹಾಗೆ ಇರುತ್ತದೆ. ಇದು ಮೇಲ್ಪದರ ಮಾಯುವಾಗ ಬಣ್ಣ ಸ್ವಲ್ಪ ತೆಳುವಾದದ್ದು, ಕೆಲವು ತಿಂಗಳಲ್ಲಿ ಸುತ್ತಲಿನ ಚರ್ಮದ ಜೊತೆ ಬೆರೆಯುತ್ತದೆ. ಸೋಂಕು ಆಳಕ್ಕೆ ಇಳಿದಿರಲಿಲ್ಲ, ಹಾಗಾಗಿ ಗಾಯದ ಗುರುತು ಉಳಿಯುವುದಿಲ್ಲ ಎಂದೆ. ಅವಳು ಕಲೆಯನ್ನು ಹೆಬ್ಬೆರಳಿನಿಂದ ಒಮ್ಮೆ ತಿಕ್ಕಿ ನೋಡಿದಳು. ಹುಡುಗನ ಮೂಗು ಸೋರುತ್ತಿತ್ತು. ಸೆರಗಿಗೆ ಕೈ ಹಾಕಿದವಳು ನನ್ನ ಕಡೆ ನೋಡಿ, ಅವನ ಜೇಬಿನಿಂದ ನೀಲಿ ಚೌಕ ತೆಗೆದಳು.